ಲಂಡನ್, ಮ್ಯೂನಿಕ್, ಸಿಂಗಪುರ: ಗ್ರಹರೇಖೆಯ ನಕ್ಷೆಯನ್ನು ನಂಬಬೇಕೇ, ಸ್ಥಳಾಂತರ ಕುಂಡಲಿಯನ್ನೇ?

ಮೂರು ಊರುಗಳಿಂದ ಕೆಲಸದ ಕರೆ ಬಂದಿದೆ, ಸಂಬಳದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ, ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಊರಿನ ಪರವಾಗಿ ಮಾತಾಡುತ್ತಿದ್ದಾರೆ. ಇಂಥ ಸಂದರ್ಭದಲ್ಲಿ ಈಗ ಹಲವರು ಜಾತಕದ ಜೊತೆಗೆ ಇನ್ನೊಂದು ಕಾಗದವನ್ನೂ ಹಿಡಿದು ಬರುತ್ತಾರೆ. ಅದು ಭೂಪಟದ ಮೇಲೆ ಬಣ್ಣಬಣ್ಣದ ಗೆರೆಗಳಿರುವ ಆಸ್ಟ್ರೋಕಾರ್ಟೊಗ್ರಫಿ ನಕ್ಷೆ. ಗುರುವಿನ ಗೆರೆ ಜರ್ಮನಿಯ ಮೇಲೆ ಹಾದಿದೆ, ಸೂರ್ಯನ ಗೆರೆ ಲಂಡನ್ ಪಕ್ಕದಲ್ಲಿದೆ, ಹಾಗಾದರೆ ಎಲ್ಲಿಗೆ ಹೋಗುವುದು ಎಂಬುದು ಅವರ ಪ್ರಶ್ನೆ. ಆ ಪ್ರಶ್ನೆಗೆ ಉತ್ತರ ಹುಡುಕುವ ಮೂರು ದಾರಿಗಳನ್ನು, ಅಂದರೆ ಗ್ರಹರೇಖೆಯ ನಕ್ಷೆ, ಸ್ಥಳಾಂತರ ಕುಂಡಲಿ ಮತ್ತು ನಮ್ಮ ಜನ್ಮಜಾತಕ ಇವುಗಳನ್ನು, ಒಂದೇ ಜಾತಕದ ಮೇಲಿಟ್ಟು ಇಲ್ಲಿ ಹೋಲಿಸಿದ್ದೇನೆ.

ಅಳತೆಗೋಲುಗಳನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು, ಜನನ ಸಮಯ ಕೆಲವು ನಿಮಿಷ ಹೆಚ್ಚುಕಡಿಮೆಯಾದರೆ ಆ ವಿಧಾನದ ಉತ್ತರ ನಿಲ್ಲುತ್ತದೆಯೇ, ಬಿದ್ದುಹೋಗುತ್ತದೆಯೇ? ಎರಡು, ಅದು ಒಂದು ಊರನ್ನು ಇನ್ನೊಂದು ಊರಿನಿಂದ ನಿಜವಾಗಿಯೂ ಬೇರ್ಪಡಿಸುತ್ತದೆಯೇ, ಅಥವಾ ಇಡೀ ಖಂಡಕ್ಕೆ ಒಂದೇ ಮಾತು ಹೇಳುತ್ತದೆಯೇ? ಮೂರು, ನಿಮ್ಮ ಹಳೆಯ ಊರುಗಳ ಅನುಭವದ ಮೇಲೆ ಅದನ್ನು ಪರೀಕ್ಷಿಸಲು ಸಾಧ್ಯವೇ? ಖರ್ಚಿನ ಮಾತು ಇವುಗಳ ನಂತರ.

ಇದರ ಜೊತೆಗೆ ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಈ ಯಾವ ವಿಧಾನಕ್ಕೂ ವೈಜ್ಞಾನಿಕ ಆಧಾರ ಸಿಕ್ಕಿಲ್ಲ. ಖಗೋಳ ವಿಜ್ಞಾನಿ ಜಯಂತ ನಾರಳೀಕರ್ ಮತ್ತು ಸಂಗಡಿಗರು ಮಹಾರಾಷ್ಟ್ರದಲ್ಲಿ ಒಂದು ಪರೀಕ್ಷೆ ನಡೆಸಿ, ಪ್ರತಿಭಾವಂತ ಮಕ್ಕಳ ಮತ್ತು ಬುದ್ಧಿಮಾಂದ್ಯ ಮಕ್ಕಳ ಜಾತಕಗಳನ್ನು ಬೆರೆಸಿ ಜ್ಯೋತಿಷಿಗಳಿಗೆ ಕೊಟ್ಟಿದ್ದರು. ಉತ್ತರ ಕಳಿಸಿದ 27 ಮಂದಿಯ ಒಟ್ಟು ಯಶಸ್ಸು ಶೇ. 46 ಇತ್ತು, ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ಆದ್ದರಿಂದ ವೀಸಾ, ಬಾಡಿಗೆ, ಭಾಷೆ, ವಯಸ್ಸಾದ ತಂದೆತಾಯಿಯ ಆರೈಕೆ ಇವುಗಳ ಲೆಕ್ಕ ಮುಗಿದು, ಎರಡು ಮೂರು ಊರುಗಳು ಸಮಸಮವಾಗಿ ನಿಂತಾಗ ಮಾತ್ರ ನಾನು ಈ ಕಾಗದಗಳನ್ನು ಬಿಚ್ಚುತ್ತೇನೆ. ಜಾತಕದ ಮೇಲೆ ನಂಬಿಕೆ ಇರುವವರಿಗೂ ಈ ಕ್ರಮವೇ ಕ್ಷೇಮ. ಅದು ಏಕೆಂಬುದು ಮುಂದಿನ ಲೆಕ್ಕದಲ್ಲಿ ಕಾಣುತ್ತದೆ.

ಉದಾಹರಣೆಗೆ ಒಂದು ಕಲ್ಪಿತ ಜಾತಕ ತೆಗೆದುಕೊಳ್ಳೋಣ. ಜನನ ಮೈಸೂರಿನಲ್ಲಿ, 1991ರ ಮಾರ್ಚ್ 21ರ ಸಂಜೆ ಐದೂವರೆಗೆ. ಹಳೆಯ ಪದ್ಧತಿಯಲ್ಲಿ ಬರೆದ ಜಾತಕವಾದರೆ ಅಂಚಿಗೆ ಅರಿಶಿನ ಹಚ್ಚಿದ ಹಾಳೆಯ ಮೇಲೆ ‘ಉದಯಾದಿ 27 ಘಟಿ 30 ವಿಘಟಿ’ ಎಂದಿರುತ್ತದೆ. ಪಾಶ್ಚಾತ್ಯ ರಾಶಿಚಕ್ರಕ್ಕೂ ನಮ್ಮದಕ್ಕೂ ಇರುವ ಡಿಗ್ರಿಗಳ ಅಂತರವೇ ಅಯನಾಂಶ; ಲಾಹಿರಿ ಅಯನಾಂಶದ ಪ್ರಕಾರ ಲಗ್ನ ಸಿಂಹದ 21 ಡಿಗ್ರಿ ದಾಟಿದೆ. ಗುರು ಕರ್ಕಾಟಕದ ಸುಮಾರು 10 ಡಿಗ್ರಿಯಲ್ಲಿ ಉಚ್ಚನಾಗಿದ್ದಾನೆ, ಶನಿ ಮಕರದ 10 ಡಿಗ್ರಿಯ ಆಸುಪಾಸಿನಲ್ಲಿ ಸ್ವಕ್ಷೇತ್ರದಲ್ಲಿದ್ದಾನೆ, ಅಂದರೆ ಇಬ್ಬರೂ ಎದುರುಬದುರು ಕೂತಿದ್ದಾರೆ. ಸೂರ್ಯ ಮೀನದ ಆರನೇ ಡಿಗ್ರಿ ದಾಟಿದ್ದಾನೆ, ಚಂದ್ರ ವೃಷಭದಲ್ಲಿ ರೋಹಿಣಿ ನಕ್ಷತ್ರದಲ್ಲಿದ್ದಾನೆ. ನೋಡಿದ ಕೂಡಲೇ ಜ್ಯೋತಿಷಿಯ ಮುಖ ಅರಳಿಸುವ ಜಾತಕ.

ಈಗ ಮೊದಲ ದಾರಿ. 1970ರ ದಶಕದಲ್ಲಿ ಜಿಮ್ ಲೂಯಿಸ್ ಎಂಬ ಅಮೆರಿಕದ ಜ್ಯೋತಿಷಿ ಈ ನಕ್ಷೆಯನ್ನು ಜನಪ್ರಿಯಗೊಳಿಸಿದರು. ಅದರ ಮೂಲ ಸರಳವಾಗಿದೆ. ನೀವು ಹುಟ್ಟಿದ ಆ ಒಂದೇ ಗಳಿಗೆಯಲ್ಲಿ ಭೂಮಿಯ ಮೇಲೆ ಎಲ್ಲೋ ಒಂದು ಕಡೆ ಸೂರ್ಯ ನೆತ್ತಿಯ ರೇಖೆಯಲ್ಲಿದ್ದ, ಇನ್ನೆಲ್ಲೋ ಹುಟ್ಟುತ್ತಿದ್ದ, ಮತ್ತೆಲ್ಲೋ ಮುಳುಗುತ್ತಿದ್ದ, ಇನ್ನೊಂದು ಕಡೆ ಕಾಲಡಿಯ ಪಾತಾಳದಲ್ಲಿದ್ದ. ಹಾಗಿರುವ ಜಾಗಗಳನ್ನೆಲ್ಲ ಜೋಡಿಸಿ ಗೆರೆ ಎಳೆದರೆ ಒಂದು ಗ್ರಹಕ್ಕೆ ನಾಲ್ಕು ರೇಖೆಗಳಾಗುತ್ತವೆ. ನೆತ್ತಿ ಮತ್ತು ಪಾತಾಳದ ರೇಖೆಗಳು ಉತ್ತರ ದಕ್ಷಿಣವಾಗಿ ನೇರ ನಿಲ್ಲುತ್ತವೆ. ಉದಯ ಮತ್ತು ಅಸ್ತದ ರೇಖೆಗಳು ಸಾಮಾನ್ಯವಾಗಿ ಬಾಗಿರುತ್ತವೆ. ಲೂಯಿಸ್ ಪದ್ಧತಿಯಲ್ಲಿ ಸೂರ್ಯ ಚಂದ್ರರೂ ಯುರೇನಸ್, ನೆಪ್ಚೂನ್, ಪ್ಲೂಟೋಗಳೂ ಸೇರಿ ಹತ್ತು ಗ್ರಹಗಳಿಗೆ ನಲವತ್ತು ರೇಖೆಗಳು.

ಸೂರ್ಯನ ರೇಖೆಯನ್ನು ಯಾರ ಸಹಾಯವೂ ಇಲ್ಲದೆ ನೀವೇ ಹಾಕಬಹುದು. ಮೈಸೂರಿನ ಸಂಜೆ ಐದೂವರೆ ಎಂದರೆ ಗ್ರೀನಿಚ್ ಸಮಯ ಮಧ್ಯಾಹ್ನ ಹನ್ನೆರಡು. ಮಾರ್ಚ್ 21ರಂದು ಸೂರ್ಯ ಗಡಿಯಾರಕ್ಕಿಂತ ಏಳು ನಿಮಿಷದಷ್ಟು ಹಿಂದಿರುತ್ತಾನೆ. ಆದ್ದರಿಂದ ನಿಜವಾದ ನಡುಹಗಲು ಗ್ರೀನಿಚ್‌ಗಿಂತ ಸುಮಾರು 2 ಡಿಗ್ರಿ ಪೂರ್ವದಲ್ಲಿ ಆಗುತ್ತಿತ್ತು. ಲಂಡನ್‌ನಿಂದ ಅದು ಪೂರ್ವಕ್ಕೆ ಸುಮಾರು 135 ಕಿ.ಮೀ. ಅಂದರೆ ಲಂಡನ್ ಈ ಜಾತಕದ ಸೂರ್ಯನ ನೆತ್ತಿರೇಖೆಗೆ ಅಂಟಿಕೊಂಡಂತೆಯೇ ಇದೆ. ನಕ್ಷೆ ಓದುವವರು ಇದನ್ನು ಹುದ್ದೆ, ಹೆಸರು, ಅಧಿಕಾರದ ರೇಖೆ ಎನ್ನುತ್ತಾರೆ.

ಪಾಶ್ಚಾತ್ಯರ ಸಾಯನ ಲೆಕ್ಕವೋ ಅಯನಾಂಶ ಕಳೆದ ನಮ್ಮ ನಿರಯನ ಲೆಕ್ಕವೋ ಎಂದು ಇಲ್ಲಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಗ್ರಹ ಹುಟ್ಟುವುದು ಮುಳುಗುವುದು ಆಕಾಶದಲ್ಲಿ ಕಣ್ಣಿಗೆ ಕಾಣುವ ಸಂಗತಿ. ಅದಕ್ಕೆ ಅಯನಾಂಶದ ಹಂಗಿಲ್ಲ. ಪಾಶ್ಚಾತ್ಯ ತಂತ್ರಾಂಶದಲ್ಲಿ ತೆಗೆದ ನಕ್ಷೆ ನಮ್ಮ ಜಾತಕಕ್ಕೂ ಹಾಗೆಯೇ ಹೊಂದುತ್ತದೆ. ನಮ್ಮಲ್ಲಿ ದಿಗ್ಬಲ ಎಂದು ಕರೆಯುವುದೂ ಈ ನಾಲ್ಕು ಮೂಲೆಗಳ ಬಲವನ್ನೇ: ಗುರು ಬುಧರಿಗೆ ಲಗ್ನ, ಸೂರ್ಯ ಕುಜರಿಗೆ ದಶಮ, ಶನಿಗೆ ಸಪ್ತಮ, ಚಂದ್ರ ಶುಕ್ರರಿಗೆ ಚತುರ್ಥ. ಆದ್ದರಿಂದ ಈ ನಕ್ಷೆ ನಮಗೆ ತೀರಾ ಪರಕೀಯವೇನಲ್ಲ.

ತೊಡಕು ಶುರುವಾಗುವುದು ಗುರುವಿನ ರೇಖೆಯಿಂದ. ಈ ಜಾತಕದಲ್ಲಿ ಗುರುವಿನ ಉದಯರೇಖೆ ಪೂರ್ವ ಆಫ್ರಿಕಾದಿಂದ ಹೊರಟು, ಈಜಿಪ್ಟ್ ದಾಟಿ, ಆಸ್ಟ್ರಿಯಾದ ಲಿಂಟ್ಸ್ ಆಸುಪಾಸಿನಲ್ಲಿ ಹಾದು ಜರ್ಮನಿಯೊಳಗೆ ಹೋಗುತ್ತದೆ. ಮ್ಯೂನಿಕ್ ಅದರಿಂದ ಪಶ್ಚಿಮಕ್ಕೆ ಸುಮಾರು 180 ಕಿ.ಮೀ. ಗುರುರೇಖೆ ಎಂದರೆ ಭಾಗ್ಯ ಎಂದು ಓದಿ ಮ್ಯೂನಿಕ್‌ಗೆ ಟಿಕೆಟ್ ತೆಗೆಯುವವರು ನಕ್ಷೆಯನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು. ಅದೇ ಗೆರೆಯ ಪಕ್ಕದಲ್ಲಿ, ಒಂದು ಡಿಗ್ರಿಯ ಅಂತರವೂ ಇಲ್ಲದಂತೆ, ಶನಿಯ ಅಸ್ತರೇಖೆ ಓಡುತ್ತಿದೆ. ಇಬ್ಬರೂ ಎದುರುಬದುರು ಇರುವಾಗ ಒಬ್ಬ ಹುಟ್ಟುವ ಜಾಗದಲ್ಲಿ ಇನ್ನೊಬ್ಬ ಮುಳುಗಲೇಬೇಕಲ್ಲವೇ! ಈ ಜಾತಕದವರು ಭೂಮಿಯ ಯಾವ ಮೂಲೆಗೆ ಹೋದರೂ ಶನಿ ಇಲ್ಲದ ಗುರುರೇಖೆ ಸಿಗುವುದಿಲ್ಲ. ಪಾಶ್ಚಾತ್ಯರು ಶನಿಯ ಅಸ್ತರೇಖೆಯನ್ನು ಸಂಗಾತಿಯಿಂದ ದೂರ, ಒಂಟಿತನ, ಪಾಲುದಾರರ ಭಾರ ಎಂದು ಓದುತ್ತಾರೆ. ನಮ್ಮ ಶಾಸ್ತ್ರವಾದರೋ ಅದೇ ಜಾಗದಲ್ಲಿ ಶನಿಗೆ ದಿಗ್ಬಲ ಕೊಡುತ್ತದೆ. ಗೆರೆ ಒಂದೇ, ಅರ್ಥ ಎರಡು. ಬಣ್ಣದ ನಕ್ಷೆಯಲ್ಲಿ ಹಳದಿ ಗೆರೆ ಕಂಡು ಹಿಗ್ಗುವ ಮೊದಲು ಆ ಗ್ರಹಕ್ಕೆ ಜನ್ಮಜಾತಕದಲ್ಲಿ ಯಾರ ದೃಷ್ಟಿ ಇದೆ ಎಂದು ನೋಡಿಕೊಳ್ಳಬೇಕೆನ್ನುವುದು ಇದಕ್ಕೇ.

ಇನ್ನು ದೂರದ ಪ್ರಶ್ನೆ. ರೇಖೆಯಿಂದ ಎಷ್ಟು ದೂರದವರೆಗೆ ಪ್ರಭಾವ? ಲೂಯಿಸ್ ಲೆಕ್ಕದಲ್ಲಿ ಎರಡೂ ಕಡೆ 700 ಮೈಲಿ, ಅಂದರೆ ಸುಮಾರು 1,100 ಕಿ.ಮೀ. ಇನ್ನು ಕೆಲವರು 250–300 ಕಿ.ಮೀ. ಒಳಗಿದ್ದರೆ ಮಾತ್ರ ಎಣಿಸುತ್ತಾರೆ. ದೊಡ್ಡ ಅಳತೆ ಹಿಡಿದರೆ ನಮ್ಮ ಉದಾಹರಣೆಯ ಗುರುರೇಖೆ ಮ್ಯೂನಿಕ್ಕನ್ನಷ್ಟೇ ಅಲ್ಲ, ಸುಮಾರು 750 ಕಿ.ಮೀ. ದೂರದ ಲಂಡನ್ನನ್ನೂ ಆ ಕಡೆಯ ವಾರ್ಸಾವನ್ನೂ ಒಳಗೆ ಹಾಕಿಕೊಳ್ಳುತ್ತದೆ. ಎಲ್ಲ ಊರಿಗೂ ಗುರುಬಲವಿದ್ದರೆ ಊರು ಆರಿಸಲು ನಕ್ಷೆ ಏಕೆ? ಸಣ್ಣ ಅಳತೆ ಹಿಡಿದರೆ ಲಂಡನ್‌ಗೆ ಸೂರ್ಯ, ಮ್ಯೂನಿಕ್‌ಗೆ ಗುರು ಶನಿ ಎಂದು ಸ್ಪಷ್ಟವಾಗಿ ಬೇರ್ಪಡುತ್ತವೆ. ಆದರೆ ಆಗ ಜನನ ಸಮಯ ಕಟ್ಟುನಿಟ್ಟಾಗಿ ಸರಿಯಿರಬೇಕಾಗುತ್ತದೆ.

ಎಷ್ಟು ಕಟ್ಟುನಿಟ್ಟು ಎಂದು ಲೆಕ್ಕ ಹಾಕಬಹುದು. ಭೂಮಿ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ತಿರುಗುತ್ತದೆ. ಹಾಗಾಗಿ ಜನನ ಸಮಯದಲ್ಲಿ ನಾಲ್ಕು ನಿಮಿಷದ ತಪ್ಪಿದ್ದರೆ ಎಲ್ಲ ರೇಖೆಗಳೂ ಒಂದು ಡಿಗ್ರಿ ಸರಿಯುತ್ತವೆ. ಸಮಭಾಜಕದ ಬಳಿಯ ಸಿಂಗಪುರದಲ್ಲಿ ಅದು 111 ಕಿ.ಮೀ., ಲಂಡನ್ ಇರುವ ಅಕ್ಷಾಂಶದಲ್ಲಿ 69 ಕಿ.ಮೀ. ಕಾಲು ಗಂಟೆಯ ತಪ್ಪಾದರೆ ಲಂಡನ್ ಕಡೆ 260 ಕಿ.ಮೀ., ಸಿಂಗಪುರದ ಕಡೆ ನಾನೂರಕ್ಕೂ ಹೆಚ್ಚು. ನಮ್ಮ ಉದಾಹರಣೆಯಲ್ಲಿ ಜನನ ಐದೂಕಾಲಿಗೆ ಆಗಿದ್ದರೆ ಸೂರ್ಯರೇಖೆ ಲಂಡನ್ ಬಿಟ್ಟು ಆಮ್‌ಸ್ಟರ್‌ಡ್ಯಾಮ್ ಪಕ್ಕಕ್ಕೆ ಹೋಗುತ್ತದೆ. ಐದೂಮುಕ್ಕಾಲಿಗೆ ಆಗಿದ್ದರೆ ಲಂಡನ್ನಿನ ಪಶ್ಚಿಮಕ್ಕೆ ದಾಟುತ್ತದೆ.

ನಮ್ಮ ಮನೆಗಳಲ್ಲಿ ಜನನ ಸಮಯ ಹೇಗೆ ದಾಖಲಾಗಿದೆ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಜನನ ಪ್ರಮಾಣಪತ್ರದಲ್ಲಿ ಸಾಮಾನ್ಯವಾಗಿ ತಾರೀಖಷ್ಟೇ ಇರುತ್ತದೆ. ದನ ಮನೆಗೆ ಬರುವ ಹೊತ್ತು, ದೀಪ ಹಚ್ಚುವ ಹೊತ್ತು ಎಂಬ ಅಜ್ಜಿಯ ಮಾತೇ ಎಷ್ಟೋ ಜಾತಕಗಳಿಗೆ ಆಧಾರ. ಘಟಿಯಲ್ಲಿ ಬರೆದವರು ವಿಘಟಿಯನ್ನು ಕೈಬಿಟ್ಟಿದ್ದರೆ ಒಂದು ಘಟಿ ಎಂದರೆ 24 ನಿಮಿಷ, ಅಂದರೆ 6 ಡಿಗ್ರಿ. ಲಂಡನ್ ಅಕ್ಷಾಂಶದಲ್ಲಿ 400 ಕಿ.ಮೀ.ಗೂ ಮೇಲೆ. ‘ಐದೂವರೆ’ ಎಂಬಂಥ ದುಂಡು ಸಂಖ್ಯೆ ಕಂಡರೇ ನಾನು ಕಾಲು ಗಂಟೆಯ ಅನುಮಾನ ಇಟ್ಟುಕೊಳ್ಳುತ್ತೇನೆ. ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯಲ್ಲಿ 5:27 ಎಂದೋ 5:34 ಎಂದೋ ಬರೆದಿದ್ದರೆ ನಂಬಿಕೆ ಸ್ವಲ್ಪ ಹೆಚ್ಚುತ್ತದೆ.

ಎರಡನೆಯ ದಾರಿ ಸ್ಥಳಾಂತರ ಕುಂಡಲಿ. ಹುಟ್ಟಿದ ಗಳಿಗೆಯನ್ನು ಹಾಗೆಯೇ ಇಟ್ಟುಕೊಂಡು, ಹುಟ್ಟಿದ ಊರಿನ ಅಕ್ಷಾಂಶ ರೇಖಾಂಶಗಳ ಬದಲು ಹೋಗಬೇಕೆಂದಿರುವ ಊರಿನವನ್ನು ಹಾಕಿ ಕುಂಡಲಿ ಬರೆಯುವುದು. ಗ್ರಹಗಳ ರಾಶಿ, ಡಿಗ್ರಿ, ನಕ್ಷತ್ರ, ನವಾಂಶ ಯಾವುದೂ ಬದಲಾಗುವುದಿಲ್ಲ. ಬದಲಾಗುವುದು ಲಗ್ನ ಮತ್ತು ಅದರಿಂದ ಎಣಿಸುವ ಭಾವಗಳು. ಚಂದ್ರ ಅಲ್ಲಾಡದ್ದರಿಂದ ವಿಂಶೋತ್ತರಿ ದಶೆಯೂ ಅಲ್ಲಾಡುವುದಿಲ್ಲ. ಊರು ಬದಲಾಯಿಸಿದರೆ ಸಾಡೇಸಾತಿ ತಪ್ಪುತ್ತದೆ ಎಂದು ಯಾರಾದರೂ ಹೇಳಿದರೆ ಅವರಿಗೆ ಈ ಲೆಕ್ಕದ ಮೊದಲ ಸಾಲೇ ಗೊತ್ತಿಲ್ಲ ಎಂದರ್ಥ.

ಇಲ್ಲಿ ಅತಿ ಹೆಚ್ಚು ನಡೆಯುವ ತಪ್ಪು ಸಮಯ ತುಂಬುವಾಗ ಆಗುತ್ತದೆ. ತಂತ್ರಾಂಶದಲ್ಲಿ ಊರನ್ನು ಲಂಡನ್ ಎಂದು ಬದಲಿಸಿ ಸಮಯವನ್ನು ಸಂಜೆ 5:30 ಎಂದೇ ಬಿಟ್ಟರೆ, ಅದು ಲಂಡನ್ನಿನ ಸಂಜೆ ಐದೂವರೆಯಾಗುತ್ತದೆ, ಅಂದರೆ ಐದೂವರೆ ಗಂಟೆ ತಡವಾಗಿ ಹುಟ್ಟಿದ ಬೇರೆ ಯಾರದೋ ಜಾತಕ. ಸರಿಯಾದ ಸಮಯ ಲಂಡನ್‌ಗೆ ಮಧ್ಯಾಹ್ನ 12:00, ಮ್ಯೂನಿಕ್‌ಗೆ ಮಧ್ಯಾಹ್ನ 1:00, ಸಿಂಗಪುರಕ್ಕೆ ರಾತ್ರಿ 8:00. ತಪ್ಪು ಹಿಡಿಯಲು ಸುಲಭ ಉಪಾಯವಿದೆ: ಎರಡೂ ಕುಂಡಲಿಗಳಲ್ಲಿ ಚಂದ್ರನ ಡಿಗ್ರಿಯೂ ಡಿಗ್ರಿಯ ಅರವತ್ತನೆಯ ಭಾಗವಾದ ಕಲೆಯೂ ಒಂದೇ ಇರಬೇಕು. ಚಂದ್ರ ಮೂರು ಡಿಗ್ರಿಯಷ್ಟು ಮುಂದೆ ಹೋಗಿದ್ದರೆ ಸಮಯ ತಪ್ಪಾಗಿ ತುಂಬಿದೆ. ಹಣ ಕೊಟ್ಟು ಬರೆಸಿದ ಒಂದು ವರದಿಯಲ್ಲೂ ನಾನು ಈ ತಪ್ಪನ್ನು ಕಂಡಿದ್ದೇನೆ. ಇಪ್ಪತ್ತು ಪುಟದ ಫಲ, ಎಲ್ಲವೂ ಇನ್ಯಾರಿಗೋ ಸೇರಿದ್ದು.

ಸರಿಯಾಗಿ ತೆಗೆದಾಗ ನಮ್ಮ ಉದಾಹರಣೆಯಲ್ಲಿ ಏನಾಗುತ್ತದೆ ನೋಡಿ. ಬೆಂಗಳೂರಿಗೋ ದೆಹಲಿಗೋ ಹೋದರೆ ಲಗ್ನ ಸಿಂಹವೇ ಉಳಿಯುತ್ತದೆ. ಕೋಲ್ಕತ್ತಾಕ್ಕೆ ಹೋದರೆ ಕನ್ಯಾ ಆಗುತ್ತದೆ. ಸಿಂಗಪುರದಲ್ಲಿ ಕನ್ಯಾ ಲಗ್ನ 19 ಡಿಗ್ರಿ ದಾಟಿ ಬರುತ್ತದೆ. ಮೈಸೂರಿನಲ್ಲಿ ವ್ಯಯಸ್ಥಾನದಲ್ಲಿದ್ದ ಉಚ್ಚ ಗುರು ಅಲ್ಲಿ ಲಾಭಸ್ಥಾನಕ್ಕೆ ಬರುತ್ತಾನೆ, ಆರರಲ್ಲಿದ್ದ ಶನಿ ಐದಕ್ಕೆ ಬರುತ್ತಾನೆ, ಸೂರ್ಯ ಏಳರಲ್ಲಿ. ಮ್ಯೂನಿಕ್‌ನಲ್ಲಿ ಕರ್ಕಾಟಕ ಲಗ್ನ ಸುಮಾರು 8 ಡಿಗ್ರಿ. ಗುರು ಲಗ್ನದ ಮೇಲೆಯೇ ಕೂರುತ್ತಾನೆ, ಶನಿ ಸಪ್ತಮಕ್ಕೆ. ಲಂಡನ್‌ನಲ್ಲೂ ಕರ್ಕಾಟಕವೇ, ಆದರೆ ಬರೀ ಒಂದೂವರೆ ಡಿಗ್ರಿ ದಾಟಿದ್ದು.

ಉಚ್ಚ ಗುರು ಲಗ್ನದಲ್ಲಿ, ಸ್ವಕ್ಷೇತ್ರದ ಶನಿ ಕೇಂದ್ರದಲ್ಲಿ: ಮೈಸೂರಿನಲ್ಲಿ ಇಲ್ಲದ ಹಂಸಯೋಗ, ಶಶಯೋಗ ಎರಡೂ ಯುರೋಪಿನಲ್ಲಿ ಕುಂಡಲಿಗೆ ಬಂದುಬಿಟ್ಟವು! ಇದನ್ನು ಹಿಡಿದು ವಿಮಾನ ಹತ್ತಿಸುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಇದು ಅತಿ ಓದು. ಯೋಗಗಳನ್ನು ಜನ್ಮಲಗ್ನದಿಂದ ಎಣಿಸುವುದು ನಮ್ಮ ಸಂಪ್ರದಾಯ. ಸ್ಥಳಾಂತರ ಕುಂಡಲಿ ಹೊಸ ಯೋಗವನ್ನು ಹುಟ್ಟಿಸುತ್ತದೆ ಎನ್ನುವುದಕ್ಕೆ ಹಳೆಯ ಪದ್ಧತಿಯಲ್ಲಿ ಬೆಂಬಲವಿಲ್ಲ. ಇದ್ದ ಗ್ರಹಬಲ ಆ ಊರಿನಲ್ಲಿ ಬದುಕಿನ ಯಾವ ಮಗ್ಗುಲಿನಿಂದ ಕಾಣಿಸಿಕೊಳ್ಳುತ್ತದೆ ಎಂದಷ್ಟೇ ಅದನ್ನು ಓದುವುದು ಒಳ್ಳೆಯದು. ಹಾಗೆ ಓದಿದರೆ ಮ್ಯೂನಿಕ್ ‘ನಾನು ಮತ್ತು ನನ್ನ ಸಂಗಾತಿ’ಯ ಊರು, ಸಿಂಗಪುರ ‘ಸಂಪಾದನೆ ಮತ್ತು ಬಳಗ’ದ ಊರು.

ಇಲ್ಲಿಯೂ ಜನನ ಸಮಯದ ಪರೀಕ್ಷೆ ಮಾಡಬೇಕು. ಇದರಲ್ಲಿ ಸಿಗುವ ಉತ್ತರ ನಕ್ಷೆಯದಕ್ಕಿಂತ ಉಪಯುಕ್ತ. ಲಂಡನ್‌ನಲ್ಲಿ ಲಗ್ನ ರಾಶಿಯ ಅಂಚಿನಲ್ಲಿದೆ. ಜನನ ಕೇವಲ ಒಂಬತ್ತು ನಿಮಿಷ ಮೊದಲಾಗಿದ್ದರೆ ಅದು ಮಿಥುನಕ್ಕೆ ಜಾರುತ್ತದೆ. ಲಗ್ನದ ಗುರು ಎರಡನೆಯ ಮನೆಗೆ, ಸಪ್ತಮದ ಶನಿ ಅಷ್ಟಮಕ್ಕೆ ಹೋಗುತ್ತಾರೆ. ಮ್ಯೂನಿಕ್‌ನಲ್ಲಿ ಹಾಗಾಗಲು ಸುಮಾರು ನಲವತ್ತು ನಿಮಿಷದ ತಪ್ಪು ಬೇಕು, ಸಿಂಗಪುರದಲ್ಲಿ ಲಗ್ನ ರಾಶಿ ಬದಲಾಗಲೂ ಹೆಚ್ಚುಕಡಿಮೆ ಅಷ್ಟೇ. ಆದ್ದರಿಂದ ‘ಸಂಜೆ ಐದೂವರೆ ಇರಬೇಕು’ ಎಂದಷ್ಟೇ ಗೊತ್ತಿರುವವರಿಗೆ ಮ್ಯೂನಿಕ್ ಮತ್ತು ಸಿಂಗಪುರದ ಕುಂಡಲಿಗಳು ಓದಲು ಯೋಗ್ಯ, ಲಂಡನ್ನಿನದು ಯೋಗ್ಯವಲ್ಲ. ಅಯನಾಂಶದ ಪ್ರಶ್ನೆಯೂ ಇಲ್ಲಿ ಮರಳಿ ಬರುತ್ತದೆ. ಬೆಂಗಳೂರಿನ ಬಿ. ವಿ. ರಾಮನ್ ಅವರ ಅಯನಾಂಶ ಲಾಹಿರಿಗಿಂತ ಸುಮಾರು ಒಂದೂವರೆ ಡಿಗ್ರಿ ಕಡಿಮೆ. ಅದನ್ನು ಹಿಡಿದವರಿಗೆ ಲಂಡನ್ ಲಗ್ನ ಕರ್ಕಾಟಕದ ಮೂರು ಡಿಗ್ರಿಗೆ ಬಂದು ಇನ್ನಷ್ಟು ನಿಮಿಷಗಳ ಸಡಿಲ ಸಿಗುತ್ತದೆ. ಊರಿನ ಫಲ ಅಯನಾಂಶದ ಜೊತೆ ಬದಲಾಗುತ್ತಿದ್ದರೆ ಅದನ್ನು ಅಂಚಿನ ಊರೆಂದು ಗುರುತು ಹಾಕಿ ಪಕ್ಕಕ್ಕಿಡಿ.

ನಕ್ಷೆ ಮತ್ತು ಕುಂಡಲಿ ಒಂದಕ್ಕೊಂದು ಎದುರು ಮಾತಾಡುವುದೂ ಉಂಟು. ಲಂಡನ್‌ನಲ್ಲಿ ಸೂರ್ಯ ನೆತ್ತಿರೇಖೆಯ ಪಕ್ಕದಲ್ಲಿದ್ದಾನೆ, ಅಂದರೆ ದಶಮದ ಬಲ. ಆದರೆ ರಾಶಿ ಕುಂಡಲಿಯಲ್ಲಿ ಕರ್ಕಾಟಕದಿಂದ ಎಣಿಸಿದರೆ ಮೀನ ಒಂಬತ್ತನೆಯ ಮನೆ. ಯಾವುದು ಸರಿ? ಸಮಭಾಜಕದಿಂದ ದೂರ ಹೋದಂತೆ ಲಗ್ನಕ್ಕೂ ನೆತ್ತಿಗೂ ನಡುವಿನ ಅಂತರ ತೊಂಬತ್ತು ಡಿಗ್ರಿಯಿಂದ ತುಂಬ ಸರಿಯಬಲ್ಲದು. ಈ ಉದಾಹರಣೆಯಲ್ಲಿ ಅದು 117 ಡಿಗ್ರಿ ಇದೆ. ರಾಶಿಯ ಗಡಿ ಬಿಟ್ಟು ಲಗ್ನ ಮತ್ತು ನೆತ್ತಿಯ ಬಿಂದುಗಳಿಂದ ಮನೆಗಳನ್ನು ಅಳೆಯುವ ಭಾವ ಕುಂಡಲಿ ಹಾಕಿದರೆ ಸೂರ್ಯ ಹತ್ತಕ್ಕೇ ಬರುತ್ತಾನೆ. ಹಾಗಾಗಿ ಯುರೋಪ್, ಕೆನಡಾದ ಊರುಗಳಿಗೆ ರಾಶಿ ಕುಂಡಲಿಯ ಜೊತೆ ಭಾವ ಕುಂಡಲಿಯನ್ನೂ ಕೇಳಿ ಪಡೆಯಬೇಕು. ಸಿಂಗಪುರ, ದುಬೈ ಕಡೆಗೆ ಈ ಗೊಂದಲ ಕಡಿಮೆ. ಯುರೇನಸ್, ನೆಪ್ಚೂನ್‌ಗಳ ರೇಖೆಗಳನ್ನು ಬಿಟ್ಟರೆ ಸಿಂಗಪುರದ ವಿಷಯದಲ್ಲಿ ನಕ್ಷೆಯೇ ಹೆಚ್ಚು ಹೇಳುವುದಿಲ್ಲ. ಬುಧನ ಅಸ್ತರೇಖೆ ಅಲ್ಲಿಂದ ಪೂರ್ವಕ್ಕೆ ನಾನೂರು ಕಿ.ಮೀ. ಆಚೀಚೆ ಹಾದಿದೆ; ದೊಡ್ಡ ಅಳತೆಯವರಿಗೆ ಅದು ಒಳಗೆ, ಸಣ್ಣ ಅಳತೆಯವರಿಗೆ ಹೊರಗೆ.

ಮೂರನೆಯದು ಜನ್ಮಜಾತಕವನ್ನು ಇದ್ದಂತೆಯೇ ಓದುವುದು. ಇಲ್ಲಿ ಹನ್ನೆರಡನೆಯ ಮನೆ ವಿದೇಶವಾಸದ್ದು, ಅದರಲ್ಲಿ ಉಚ್ಚ ಗುರು ಇದ್ದಾನೆ. ರೋಹಿಣಿಯಿಂದ ಎಣಿಸಿದರೆ ಚಂದ್ರ, ಕುಜ, ರಾಹು ದಶೆಗಳು ಕಳೆದು ಮೂವತ್ತರ ಆಸುಪಾಸಿನಲ್ಲಿ ಗುರು ದಶೆ ಶುರುವಾಗುತ್ತದೆ. ಹಳೆಯ ಕ್ರಮದ ಜ್ಯೋತಿಷಿ ಇಷ್ಟನ್ನು ನೋಡಿ ಹೊರದೇಶ ಒಳ್ಳೆಯದು, ಈಗಲೇ ಹೊರಡಬಹುದು ಎಂದು ಮಾತು ಮುಗಿಸುತ್ತಾರೆ. ಹೋಗಬೇಕೇ ಬೇಡವೇ, ಯಾವಾಗ ಎಂಬುದಕ್ಕೆ ಈ ದಾರಿ ಮಿಕ್ಕೆರಡಕ್ಕಿಂತ ಚೆನ್ನಾಗಿ ಉತ್ತರಿಸುತ್ತದೆ. ಕಾಲು ಗಂಟೆಯ ತಪ್ಪಿಗೆ ದಶೆಯ ಆರಂಭ ಒಂದೆರಡು ತಿಂಗಳಷ್ಟೇ ಸರಿಯುವುದರಿಂದ ಗಟ್ಟಿಯೂ ಹೌದು. ಆದರೆ ಲಂಡನ್ನೋ ಮ್ಯೂನಿಕ್ಕೋ ಎಂಬುದಕ್ಕೆ ಅದರ ಬಳಿ ಉತ್ತರವಿಲ್ಲ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಭರತಖಂಡವನ್ನು ಒಂಬತ್ತು ಭಾಗ ಮಾಡಿ ಒಂದೊಂದಕ್ಕೆ ಮೂರು ನಕ್ಷತ್ರ ಹಂಚುವ ಕೂರ್ಮವಿಭಾಗವಿದೆ. ಅದು ದೇಶಗಳ ಶುಭಾಶುಭ ನೋಡುವುದಕ್ಕೇ ಹೊರತು ಒಬ್ಬ ವ್ಯಕ್ತಿಗೆ ಊರು ಆರಿಸುವುದಕ್ಕಲ್ಲ.

ರೇಖೆಗಳು ಒಂದನ್ನೊಂದು ಕತ್ತರಿಸುವ ಅಕ್ಷಾಂಶಗಳನ್ನು ಹಿಡಿಯುವ ಪರಾನ್ ಪದ್ಧತಿ, ಮನೆಯಿಂದ ದಿಕ್ಕುಗಳ ಗೆರೆ ಎಳೆಯುವ ಲೋಕಲ್ ಸ್ಪೇಸ್ ಪದ್ಧತಿ ಎಂದು ಇನ್ನೆರಡು ಇವೆ. ನಲವತ್ತು ರೇಖೆಗಳ ಕತ್ತರಿಗಳನ್ನು ಎಣಿಸುತ್ತ ಹೋದರೆ ಯಾವ ಊರಿಗೂ ಬೇಕಾದ ಫಲ ಹೇಳಬಹುದು. ಮೊದಲ ಸಲ ನೋಡುವವರು ಇವನ್ನು ಬಿಟ್ಟುಬಿಡುವುದೇ ಲೇಸು.

ಯಾರಿಗೆ ಯಾವುದು ಎಂದರೆ, ಜನನ ಸಮಯ ನಾಲ್ಕೈದು ನಿಮಿಷದೊಳಗೆ ಖಚಿತವಿದ್ದು, ಆರಿಸಬೇಕಾದ ಊರುಗಳು ಒಂದೇ ಖಂಡದಲ್ಲಿದ್ದರೆ ನಕ್ಷೆಯನ್ನು 250 ಕಿ.ಮೀ. ಅಳತೆಯಲ್ಲಿ ನೋಡಿ. ಸಮಯ ಅರ್ಧ ಗಂಟೆ ಅತ್ತಿತ್ತ ಇರಬಹುದಾದರೆ ರೇಖೆಗಳನ್ನು ಮರೆತು, ಲಗ್ನ ರಾಶಿಯ ನಡುವೆ ಬೀಳುವ ಊರುಗಳ ಸ್ಥಳಾಂತರ ಕುಂಡಲಿಯನ್ನಷ್ಟೇ ಓದಿ. ಸಮಯವೇ ಗೊತ್ತಿಲ್ಲದವರಿಗೆ ಎರಡೂ ಇಲ್ಲ. ಬೆಂಗಳೂರೋ ಹೈದರಾಬಾದೋ ಎಂದು ಒದ್ದಾಡುವವರಿಗೂ ಇವೆರಡರಿಂದ ಪ್ರಯೋಜನ ಕಡಿಮೆ, ಏಕೆಂದರೆ ಅಷ್ಟು ಹತ್ತಿರದ ಊರುಗಳಲ್ಲಿ ಹೆಚ್ಚಿನವರ ಲಗ್ನ ಬದಲಾಗುವುದೇ ಇಲ್ಲ. ಉದಾಹರಣೆಯ ಜಾತಕದವರಲ್ಲಿ ಡಿಸ್ಚಾರ್ಜ್ ಚೀಟಿ ಇಲ್ಲದಿದ್ದರೆ ನಾನು ಲಂಡನ್ನನ್ನು ಜಾತಕದ ಲೆಕ್ಕದಿಂದ ತೆಗೆದುಹಾಕಿ, ಬಾಡಿಗೆ ಮತ್ತು ವೀಸಾದ ಲೆಕ್ಕದಲ್ಲಿ ಮಾತ್ರ ಇಟ್ಟುಕೊಳ್ಳಲು ಹೇಳುತ್ತೇನೆ. ಮಿಕ್ಕೆರಡರಲ್ಲಿ, ಮದುವೆಯಾಗಿ ಸಂಗಾತಿಯೂ ಅಲ್ಲೇ ಕೆಲಸ ಹುಡುಕಬೇಕಾದವರಿಗೆ ಮ್ಯೂನಿಕ್‌ನ ಸಪ್ತಮದ ಶನಿ ಯೋಚನೆಗೆ ಹಚ್ಚಬೇಕು. ಜರ್ಮನ್ ಬಾರದ ಸಂಗಾತಿಗೆ ಅಲ್ಲಿ ಕೆಲಸ ಸಿಗುವುದು ನಿಧಾನ ಎಂಬ ಮಾತನ್ನು ಹೇಳಲು ಶನಿಯೇ ಬೇಕೆಂದಿಲ್ಲ. ಒಂಟಿಯಾಗಿ ಹೋಗಿ ಹಣ ಕೂಡಿಸಿ, ವರ್ಷಕ್ಕೆರಡು ಬಾರಿ ಊರಿಗೆ ಬರಬೇಕೆನ್ನುವವರಿಗೆ ಸಿಂಗಪುರ ಜಾತಕದಲ್ಲೂ ಭೂಪಟದಲ್ಲೂ ಹತ್ತಿರ.

ಕಾಗದ ನಂಬುವ ಮೊದಲು ಒಂದು ಪರೀಕ್ಷೆ ಮಾಡಿ. ಈಗಾಗಲೇ ಆರು ತಿಂಗಳಾದರೂ ಇದ್ದು ಬಂದ ದೂರದ ಊರುಗಳಿದ್ದರೆ ಅವುಗಳ ಪಟ್ಟಿಯನ್ನು, ಅಲ್ಲಿ ಏನಾಯಿತೆಂದು ಹೇಳದೆ, ನಕ್ಷೆ ಓದುವವರಿಗೆ ಕೊಟ್ಟು ಫಲ ಬರೆಸಿಕೊಳ್ಳಿ. ಬರೆದ ಮೇಲೆ ನಿಮ್ಮ ಕಥೆ ಹೇಳಿ. ಮೊದಲೇ ಕಥೆ ಹೇಳಿದರೆ ಯಾವ ಗೆರೆಯೂ ಅದಕ್ಕೆ ಹೊಂದಿಕೊಳ್ಳುತ್ತದೆ. ಇದಕ್ಕೆ ಒಪ್ಪದವರಿಗೆ ಶುಲ್ಕ ಕೊಡಬೇಡಿ.

ಶುಲ್ಕದ ಮಾತು ಬಂದದ್ದಕ್ಕೆ: ನಕ್ಷೆಗಾಗಿ ಹಣ ಕೊಡುವ ಅಗತ್ಯವೇ ಇಲ್ಲ. astro.com ತಾಣದಲ್ಲಿ ಗ್ರಹರೇಖೆಗಳ ನಕ್ಷೆ ಉಚಿತವಾಗಿ ಸಿಗುತ್ತದೆ, ನಿರಯನ ಕುಂಡಲಿಗೆ ಜಗನ್ನಾಥ ಹೋರಾ ತಂತ್ರಾಂಶವೂ ಉಚಿತ. ಹಣ ಕೊಡುವುದಿದ್ದರೆ ಓದುವವರ ಸಮಯಕ್ಕೆ ಕೊಡಿ. ಹೋಗುವಾಗ ಜನ್ಮಜಾತಕ, ಪ್ರತಿ ಊರಿನ ಸ್ಥಳಾಂತರ ಕುಂಡಲಿ, ಮತ್ತು ಜನನ ಸಮಯ ಕಾಲು ಗಂಟೆ ಹಿಂದೆ, ಕಾಲು ಗಂಟೆ ಮುಂದೆ ಎಂದಿಟ್ಟು ತೆಗೆದ ಎರಡು ಪ್ರತಿಗಳನ್ನು ಒಯ್ಯಿರಿ. ಅವರು ತಮ್ಮದೇ ಕಂಪ್ಯೂಟರಿನಲ್ಲಿ ಲಂಡನ್ ಕುಂಡಲಿ ತೆಗೆದು ತೋರಿಸಿದರೆ ಮೊದಲು ಚಂದ್ರನ ಡಿಗ್ರಿ ಕಲೆಗಳನ್ನು ನಿಮ್ಮ ಮೈಸೂರಿನ ಹಾಳೆಯ ಜೊತೆ ಹೋಲಿಸಿ ನೋಡಿ. ಹೊಂದದಿದ್ದರೆ, ಇನ್ನೊಮ್ಮೆ ತೆಗೆಯಿರಿ ಎಂದು ಕೇಳಿಕೊಂಡ ಮೇಲೆಯೇ ಫಲದ ಮಾತಿಗೆ ಬನ್ನಿ.